ದಸರಾ ತಿಂಗಳು ಸರಾಸರಿಯೊಳಗೆ ಸೇರಿಕೊಂಡಾಗ

"ಮಂಡ್ಯದಲ್ಲಿ ಸಣ್ಣ ಚಾನೆಲ್ ನಡೆಸ್ತಿದ್ದೀನಿ ಸರ್. ಹಿಂದಿನ ತಿಂಗಳುಗಳ ಬೆಳವಣಿಗೆ ಸರಾಸರಿ ಹಾಕಿ ಮುಂದಿನ ತಿಂಗಳ ವ್ಯೂಸ್ ಹೇಳಬಹುದಾ? ಎಷ್ಟು ನಂಬಬಹುದು?"

ಹೇಳಬಹುದು, ತಿಂಗಳುಗಳು ಹೆಚ್ಚುಕಮ್ಮಿ ಒಂದೇ ಥರ ನಡೀತಿರೋವರೆಗೆ. ನಾನು ಮೈಸೂರು ಸುತ್ತಮುತ್ತಲ ಜಾಗಗಳ ವಿಡಿಯೊ ಹಾಕ್ತೀನಿ. 2024ರ ನನ್ನ ಲೆಕ್ಕವನ್ನೇ ನಿಮ್ಮ ಮುಂದಿಡ್ತೀನಿ.

ಜೂನ್‌ನಲ್ಲಿ 8,000, ಜುಲೈ 8,800, ಆಗಸ್ಟ್ 9,500, ಸೆಪ್ಟೆಂಬರ್ 10,640. ಏರಿಕೆ ಶೇ 10, 8, 12. ಮೂರರ ಸರಾಸರಿ ಶೇ 10. ಶೀಟಿನಲ್ಲಿ ವ್ಯೂಸ್ B2ರಿಂದ ಕೆಳಕ್ಕೆ, ಏರಿಕೆ ಪಕ್ಕದ C ಕಾಲಂನಲ್ಲಿ ಇದ್ದರೆ ಅಕ್ಟೋಬರ್ ಅಂದಾಜು ಹೀಗೆ:

```
=B5*(1+AVERAGE(C3:C5))
```

ಸುಮಾರು 11,700 ಅಂತ ಬಂತು. ಆ ವರ್ಷ ದಸರಾ ಅಕ್ಟೋಬರ್ 3ರಿಂದ 12. ನಿಜವಾಗಿ ಬಂದದ್ದು 21,280, ಅಂದರೆ ದುಪ್ಪಟ್ಟು. ಆ ತಪ್ಪಿನಿಂದ ನನಗೇನೂ ನಷ್ಟ ಆಗಲಿಲ್ಲ. ಪೆಟ್ಟು ಬಿದ್ದದ್ದು ಮುಂದಿನ ತಿಂಗಳು. ಈಗ ಲೆಕ್ಕದೊಳಗೆ 8, 12, 100 ಇದ್ದವು, ಸರಾಸರಿ ಶೇ 40, ನವೆಂಬರ್ ಅಂದಾಜು 29,800. ಅದನ್ನು ನಂಬಿ ಒಬ್ಬ ಅಂಗಡಿಯವರಿಗೆ ಜಾಹೀರಾತಿಗೆ 25,000 ವ್ಯೂಸ್ ಅಂತ ಮಾತು ಕೊಟ್ಟೆ. ಬಂದದ್ದು 11,900. ಕೊಟ್ಟ ಮಾತಿಗೆ ಇನ್ನೆರಡು ವಿಡಿಯೊದಲ್ಲಿ ದುಡ್ಡಿಲ್ಲದೆ ಅವರ ಜಾಹೀರಾತು ಹಾಕಿದೆ.

ಇದು ಅಲ್ಲಿಗೇ ನಿಲ್ಲಲ್ಲ. ಆ ನೂರು ಇನ್ನೂ ಎರಡು ತಿಂಗಳು ಲೆಕ್ಕದಲ್ಲೇ ಕೂತಿರುತ್ತೆ. ಡಿಸೆಂಬರ್‌ಗೆ 12, 100, ಮತ್ತೆ ಇಳಿಕೆ 44 ಸೇರಿಸಿದರೂ ಸರಾಸರಿ ಶೇ 22ರ ಮೇಲೆ ತೋರಿಸ್ತು. ಆದರೆ ಆಗಸ್ಟ್‌ನ 9,500 ಮೂರು ತಿಂಗಳಲ್ಲಿ 11,900 ಆಗಿದೆ ಅಷ್ಟೆ, ತಿಂಗಳಿಗೆ ಶೇ 8ಕ್ಕೂ ಕಮ್ಮಿ. ಯಾಕೆ ಅಂದರೆ, ದುಪ್ಪಟ್ಟಾಗಿ ಮತ್ತೆ ಅರ್ಧಕ್ಕಿಳಿದರೆ ನೀವು ಹೊರಟ ಜಾಗಕ್ಕೇ ಬರ್ತೀರಿ. ಶೇಕಡಾಗಳ ಸರಾಸರಿ ಮಾತ್ರ 100 ಮತ್ತು -50 ಕೂಡಿಸಿ 25 ಏರಿದೆ ಅನ್ನುತ್ತೆ. ಏರಿಳಿತ ಜೋರಾಗಿದ್ದಾಗ ಮೊದಲ ಮತ್ತು ಕೊನೆಯ ಸಂಖ್ಯೆಯಿಂದಲೇ ಏರಿಕೆ ತೆಗೀರಿ:

```
=(B7/B4)^(1/3)-1
```

ಈಗ ಸರಾಸರಿ ಹಾಕೋ ಮುಂಚೆ ಮೂರೂ ಶೇಕಡಾ ಓದ್ತೀನಿ. ದೊಡ್ಡದಕ್ಕೂ ಚಿಕ್ಕದಕ್ಕೂ ಇರೋ ಅಂತರ ಸರಾಸರಿಗಿಂತ ಹೆಚ್ಚಾದರೆ ಆ ಅಂದಾಜು ಯಾರಿಗೂ ಹೇಳಲ್ಲ. 10, 8, 12ರಲ್ಲಿ ಅಂತರ 4. 8, 12, 100ರಲ್ಲಿ 92. ಇದು ನನ್ನ ಅನುಭವದ ಅಳತೆ, ಶಾಸ್ತ್ರದ್ದಲ್ಲ.

ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸೋಣ ಅನ್ನಿಸಬಹುದು. 2025ರಲ್ಲಿ ದಸರಾ ಸೆಪ್ಟೆಂಬರ್ 22ಕ್ಕೇ ಶುರುವಾಗಿ ಅಕ್ಟೋಬರ್ 2ಕ್ಕೆ ಮುಗೀತು. ಹಾಗಾಗಿ ಹಬ್ಬದ ದಿನಗಳನ್ನು ಹಬ್ಬದ ದಿನಗಳ ಜೊತೆಗೇ ಹೋಲಿಸಬೇಕು, ತಿಂಗಳ ಹೆಸರು ನೋಡಿ ಅಲ್ಲ.

ನಿಮ್ಮ ಚಾನೆಲ್‌ನಲ್ಲಿ ಹಬ್ಬದ ಬದಲು ಒಂದೇ ವಿಡಿಯೊ ಓಡಿ ತಿಂಗಳು ಉಬ್ಬಿರಬಹುದು. ಆಗ ಅದರ ವ್ಯೂಸ್ ತೆಗೆದಿಟ್ಟು, ಉಳಿದ ವಿಡಿಯೊಗಳಿಗೆ ಮಾತ್ರ ಸರಾಸರಿ ಹಾಕಿ ನೋಡಿ.