ಮಾತಾಡೋ ವಿಡಿಯೋದ ಪ್ರತಿ ಸಾಲಿಗೂ ಬಿ-ರೋಲ್ ಪ್ಲಾನ್ ಮಾಡೋದು ಹೆಂಗೆ?

ಪ್ರಶ್ನೆ: ನಾನು ಚಿತ್ರದುರ್ಗದವನು, ಕೋಟೆ ಬಗ್ಗೆ ನಾಲ್ಕು ನಿಮಿಷದ ವಿಡಿಯೋ ಮಾಡ್ತಿದೀನಿ, ಕ್ಯಾಮೆರಾ ಮುಂದೆ ಕೂತು ನಾನೇ ಮಾತಾಡ್ತೀನಿ. ಸ್ಕ್ರಿಪ್ಟ್ ರೆಡಿ ಇದೆ. ಆದ್ರೆ ಪ್ರತಿ ಸಲ ಎಡಿಟ್‌ಗೆ ಕೂತಾಗ ಅರ್ಧ ಸಾಲುಗಳಿಗೆ ತೋರಿಸೋಕೆ ಏನೂ ಇರಲ್ಲ, ಇನ್ನರ್ಧಕ್ಕೆ ಒಂದೇ ಥರದ ಶಾಟ್ ಹತ್ತು ಇರುತ್ತೆ. ಶೂಟ್‌ಗೆ ಹೋಗೋ ಮುಂಚೆ ಈ ಬಿ-ರೋಲ್, ಅಂದ್ರೆ ನನ್ನ ಮಾತು ಕೇಳ್ತಿರೋವಾಗ ಮುಖದ ಬದಲು ತೋರಿಸೋ ಶಾಟ್‌ಗಳನ್ನ, ಪ್ಲಾನ್ ಮಾಡೋದು ಹೇಗೆ ಸರ್?

ಉತ್ತರ:

ನಾನು ದಾವಣಗೆರೆಯವನು, ಇದೇ ತಪ್ಪು ಮಾಡಿ ಒಂದು ವಿಡಿಯೋಗೆ ಮೂರು ಸಲ ಓಡಾಡಿದೀನಿ, ಅದನ್ನೇ ಹೇಳ್ತೀನಿ ಕೇಳ್ರಿ.

ನಮ್ಮೂರ ಮಂಡಕ್ಕಿ ಭಟ್ಟಿ ಬಗ್ಗೆ ಮೂರೂವರೆ ನಿಮಿಷದ ವಿಡಿಯೋ ಅದು. ಸ್ಕ್ರಿಪ್ಟ್‌ನಲ್ಲಿ ಇಪ್ಪತ್ತೆರಡು ಸಾಲು ಇದ್ವು, ನಾನು ಶಾಣ್ಯಾ ಅನ್ಕೊಂಡು ಪ್ರತಿ ಸಾಲಿನ ಪಕ್ಕ ಒಂದೊಂದು ಶಾಟ್ ಬರ್ಕೊಂಡು ಹೋದೆ, ಇಪ್ಪತ್ತೆರಡೂ ತಗೊಂಡು ಬಂದೆ. ಎಡಿಟ್‌ಗೆ ಕೂತ್ರೆ ಅರ್ಧ ವಿಡಿಯೋ ಖಾಲಿ. ಹೆಂಗೆ ಅಂತೀರಾ, ಅದ್ರಲ್ಲಿ ಒಂದು ಸಾಲು ಹಿಂಗಿತ್ತು:

"ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಮಿಲ್ಲಿಗೆ ಹಾಕಿಸಿ, ಅಕ್ಕಿಗೆ ಉಪ್ಪು ನೀರು ಹಿಡಿಸಿ, ಕಾದ ಮರಳಲ್ಲಿ ಹುರಿದ್ರೆ ಮಂಡಕ್ಕಿ ಅರಳ್ತೈತೆ."

ಫುಲ್‌ಸ್ಟಾಪ್ ಒಂದೇ, ಅದಕ್ಕೆ ನಾನು ಒಂದೇ ಶಾಟ್ ಬರ್ಕೊಂಡಿದ್ದೆ, "ಭಟ್ಟಿ ಒಳಗೆ ಕೆಲಸ, ವೈಡ್" ಅಂತ. ವಿಡಿಯೋದಲ್ಲಿ ನನ್ನ ಬಾಯಿ "ಭತ್ತ ನೆನೆಸಿ" ಅಂತೈತೆ, ಕಾಣ್ತಿರೋದು ಒಬ್ಬ ಅಣ್ಣ ಮರಳು ತಿರುವುತಿರೋದು. "ಒಣಗಿಸಿ" ಅಂದಾಗಲೂ ಅದೇ ಅಣ್ಣ, ಅದೇ ಮರಳು. ಎಂಟು ಸೆಕೆಂಡು ಅದೊಂದೇ. ನಮ್ಮ ಅತ್ತೆ ಮಗ ನೋಡಿ "ಏನೋ, ನೀರಲ್ಲಿ ಹುರೀತಾನಾ ಇವ್ನು" ಅಂದ, ಅಷ್ಟೇ ಸಾಕಾಯ್ತು.

ಆಮೇಲೆ ತಲೆಗೆ ಹೋಗಿದ್ದು ಇದು. ಈ ಬಿ-ರೋಲ್ ಕಲಿಸೋ ವಿಡಿಯೋಗಳು ಜಾಸ್ತಿ ಇಂಗ್ಲಿಷಲ್ಲಿ ಇರ್ತವೆ, "ಒಂದು ವಾಕ್ಯಕ್ಕೆ ಒಂದು ವಿಶುವಲ್" ಅಂತ ಹೇಳ್ಬಿಡ್ತಾರೆ, ಆದ್ರೆ ನಾವು ಕನ್ನಡದಲ್ಲಿ ಮಾತಾಡೋವಾಗ "ಹೋಗಿ, ನೋಡಿ, ತಗೊಂಡು, ಬಂದು" ಅಂತ ನಾಲ್ಕೈದು ಕೆಲಸ ಪೋಣಿಸಿ ಕೊನೇಲಿ ಒಂದು ಕ್ರಿಯಾಪದ ಇಟ್ಟು ಮುಗಿಸ್ತೀವಿ. ಹಂಗಾಗಿ ಫುಲ್‌ಸ್ಟಾಪ್ ಎಣಿಸಬಾರದು, ಈ "ಇ"ಕಾರ "ಉ"ಕಾರದಲ್ಲಿ ನಿಲ್ಲೋ ಕೆಲಸಗಳನ್ನ ಎಣಿಸಬೇಕು. ಎಷ್ಟು ಕೆಲಸ ಇದಾವೋ ಕಣ್ಣು ಅಷ್ಟು ಶಾಟ್ ಕೇಳ್ತೈತೆ. ಮೇಲಿನ ಸಾಲಲ್ಲಿ ಏಳು ಕೆಲಸ ಐತೆ ನೋಡ್ರಿ, ಕೊನೇಲಿ ಅರಳೋದೂ ಸೇರಿ.

ಈಗ ಇನ್ನೊಂದು ಲೆಕ್ಕ. ಆ ಸಾಲು ಹೇಳೋಕೆ ನಂಗೆ ಎಂಟು ಸೆಕೆಂಡು, ಏಳು ಶಾಟ್ ಹಾಕಿದ್ರೆ ಒಂದೊಂದಕ್ಕೆ ಒಂದು ಸೆಕೆಂಡು ಚಿಲ್ಲರೆ. ಅಷ್ಟರಲ್ಲಿ ನೋಡೋರಿಗೆ ಭತ್ತ ಯಾವುದು ಅಕ್ಕಿ ಯಾವುದು ಗೊತ್ತಾಗಲ್ಲ. ಗೊತ್ತಿಲ್ಲದ ವಸ್ತು ಕಣ್ಣಿಗೆ ಹತ್ತೋಕೆ ಎರಡು ಸೆಕೆಂಡಾದ್ರೂ ಬೇಕು ಅನ್ನೋದು ನನ್ನ ಅನುಭವ, ಇಡ್ಲಿ ದೋಸೆ ಥರ ಎಲ್ರಿಗೂ ಗೊತ್ತಿರೋದಾದ್ರೆ ಒಂದು ಸೆಕೆಂಡು ನಡೀತೈತೆ. ಅಂದ್ರೆ ಇಲ್ಲಿ ಸರಿ ಮಾಡ್ಬೇಕಾಗಿದ್ದು ಸ್ಕ್ರಿಪ್ಟನ್ನೇ. ನಾನು ಅದನ್ನ ಮೂರು ಸಾಲು ಮಾಡ್ದೆ: "ಭತ್ತ ಮೊದ್ಲು ನೆನೀಬೇಕು, ಆಮೇಲೆ ಬೇಯಬೇಕು. ಬಿಸಿಲಿಗೆ ಒಣಗಿಸಿ ಮಿಲ್ಲಿಗೆ ಕಳಿಸಿದ್ರೆ ಅಕ್ಕಿ ಆಗಿ ವಾಪಸ್ ಬರ್ತೈತೆ. ಅದಕ್ಕೆ ಉಪ್ಪು ನೀರು ಹಿಡಿಸಿ ಕಾದ ಮರಳಿಗೆ ಹಾಕಿದ್ರೆ ಮುಗೀತು, ಅರಳ್ತೈತೆ." ಈಗ ಹದಿನಾರು ಸೆಕೆಂಡು, ಎಂಟು ಶಾಟ್, ತಲಾ ಎರಡು ಸೆಕೆಂಡು.

"ಕಳಿಸಿದ್ರೆ... ವಾಪಸ್ ಬರ್ತೈತೆ" ಅಂತ ಯಾಕೆ ಬರೆದೆ ಅಂದ್ರೆ, ಮಿಲ್ಲಿನೋರು ಒಳಗೆ ಕ್ಯಾಮೆರಾ ಬಿಡ್ಲಿಲ್ಲ. ಆ ಶಾಟ್ ಸಿಗಲ್ಲ ಅಂತ ಗೊತ್ತಾದ ಮೇಲೆ ಸಾಲನ್ನೇ ತಿರುಗಿಸ್ದೆ. ಮೂಟೆ ಗೂಡ್ಸ್ ಆಟೋಗೆ ಏರ್ತಿರೋದು ಒಂದು ಶಾಟ್, ಮೂಟೆ ಬಿಚ್ಚಿ ಬೊಗಸೇಲಿ ಅಕ್ಕಿ ಎತ್ತೋದು ಇನ್ನೊಂದು. ಮಿಲ್ಲು ಕಾಣಲೇ ಇಲ್ಲ, ಯಾರೂ ಕೇಳಲೂ ಇಲ್ಲ. ಶೂಟಿಂಗ್‌ಗೆ ಮುಂಚೆ ಇದು ಪೇಪರ್ ಮೇಲೆ ಗೊತ್ತಾದ್ರೆ ಹೋಗೋದು ಒಂದು ವಾಕ್ಯ, ಆಮೇಲೆ ಗೊತ್ತಾದ್ರೆ ಒಂದು ದಿನಾನೇ ಹೋಗ್ತೈತೆ.

ನಾನು ಈಗ ಮಾಡೋದು ಹಿಂಗೆ. ಮೊದ್ಲು ಸ್ಕ್ರಿಪ್ಟನ್ನ ಫೋನಿನ ರೆಕಾರ್ಡರ್‌ನಲ್ಲಿ ಕ್ಯಾಮೆರಾ ಮುಂದೆ ಹೇಳೋ ಸ್ಪೀಡಲ್ಲೇ ಪೂರ್ತಿ ಓದಿ ಬಿಡ್ತೀನಿ, ಕಚ್ಚಾ ಆಡಿಯೋ. ಮನಸ್ಸಲ್ಲಿ ಓದಿ ಟೈಮ್ ಹಾಕಬ್ಯಾಡ್ರಿ, ಮನಸ್ಸಲ್ಲಿ ಎಲ್ಲಾ ಬೇಗ ಮುಗೀತೈತೆ. ಆಮೇಲೆ ಒಂದು ಶೀಟ್ ತೆಗೆದು, ಸಾಲನ್ನ ಕೆಲಸಕ್ಕೊಂದು ತುಂಡು ಮಾಡಿ, ಒಂದೊಂದು ತುಂಡಿಗೆ ಒಂದೊಂದು ಅಡ್ಡ ಸಾಲು. ಪಕ್ಕದಲ್ಲಿ ಎಷ್ಟು ಸೆಕೆಂಡು, ಏನು ಕಾಣ್ಬೇಕು, ಎಲ್ಲಿ, ಯಾವ ಹೊತ್ತಲ್ಲಿ. ಅಷ್ಟೇ ಕಾಲಂ ಸಾಕು. "ಏನು ಕಾಣ್ಬೇಕು" ಅನ್ನೋ ಕಡೆ ಮಾತ್ರ "ಭಟ್ಟಿ ಕಷ್ಟ" "ಊರಿನ ಸೊಗಡು" ಅಂತೆಲ್ಲ ಬರೀಬ್ಯಾಡ್ರಿ, ಕಷ್ಟಕ್ಕೆ ಕ್ಯಾಮೆರಾ ಹಿಡಿಯೋಕಾಗಲ್ಲ. "ಜರಡಿ ಹಿಡಿದ ಕೈ, ಹತ್ತಿರದಿಂದ" ಅಂತ ಬರೀರಿ. ಯಾವ ಸಾಲಿನ ಮುಂದೆ ಹಂಗೆ ಕೈ, ವಸ್ತು, ಜಾಗ ಬರೆಯೋಕೆ ಆಗಲ್ವೋ ಅಲ್ಲಿ ನಿಮ್ಮ ಮುಖನೇ ಇರ್ಲಿ ಅಂತ ಗುರುತು ಹಾಕ್ರಿ. ಪ್ರತಿ ಸಾಲಿಗೂ ವಿಶುವಲ್ ಅಂದ್ರೆ ಪ್ರತಿ ಸಾಲಿಗೂ ಮುಖ ಮುಚ್ಚಬೇಕು ಅಂತಲ್ಲ. ಅಭಿಪ್ರಾಯ ಹೇಳೋ ಸಾಲಿಗೆ ಮುಖಕ್ಕಿಂತ ಒಳ್ಳೆ ವಿಶುವಲ್ ಇಲ್ಲ ಅಂತ ನಂಗನ್ಸುತ್ತೆ.

ಶೀಟ್ ತುಂಬಿದ ಮೇಲೆ ಅದನ್ನ ಜಾಗ ಮತ್ತೆ ಹೊತ್ತಿನ ಪ್ರಕಾರ ಸಾರ್ಟ್ ಮಾಡಿ, ಆ ಲಿಸ್ಟನ್ನ ಶೂಟ್‌ಗೆ ತಗೊಂಡು ಹೋಗೋದು. ನನ್ನ ಮೊದಲನೇ ಸಾಲು ಮತ್ತೆ ಹದಿನೆಂಟನೇ ಸಾಲು ಎರಡೂ ಸಂಜೆ ಮಿರ್ಚಿ ಮಂಡಕ್ಕಿ ಗಾಡಿ ಹತ್ರ ಆಗ್ಬೇಕಿತ್ತು. ಸ್ಕ್ರಿಪ್ಟ್ ಆರ್ಡರ್‌ನಲ್ಲಿ ಹೋಗಿದ್ದಕ್ಕೆ ಎರಡನೇದು ಮರೆತು ವಾಪಸ್ ಹೋದೆ, ಅವತ್ತು ಮಳೆ, ಗಾಡಿಗೆ ನೀಲಿ ಟಾರ್ಪಾಲ್ ಕಟ್ಟಿದ್ರು, ಎರಡು ಶಾಟ್ ಒಂದೇ ಗಾಡಿ ಅಂತ ಯಾರೂ ನಂಬಲ್ಲ.

ಶಾಟ್ ತೆಗಿಯೋವಾಗ ಎರಡು ಸೆಕೆಂಡು ಬೇಕಂದ್ರೆ ಹತ್ತು ಸೆಕೆಂಡು ತಗೀರಿ, ಶುರುವಲ್ಲಿ ಮೂರು ಕೊನೇಲಿ ಮೂರು ಕೈ ಅಲ್ಲಾಡ್ಸದೆ, ಎಡಿಟಲ್ಲಿ ಹಿಂದೆ ಮುಂದೆ ಜರುಗ್ಸೋಕೆ ಅದೇ ಬೇಕಾಗೋದು. ಪ್ರತಿಯೊಂದನ್ನೂ ದೂರದಿಂದ ಒಂದು ಹತ್ತಿರದಿಂದ ಒಂದು ತಗೊಂಡ್ರೆ ಸಾಲು ಉದ್ದ ಆದ್ರೂ ಬಚಾವ್. ಟ್ಯೂಬ್‌ಲೈಟ್ ಕೆಳಗೆ ಆದ್ರೆ ಶಟರ್ 1/50 ಇಲ್ಲಾಂದ್ರೆ 1/100 ಇಡ್ರಿ, ನಮ್ಮ ಕರೆಂಟ್ 50 ಹರ್ಟ್ಸ್, ಬೇರೆ ಇಟ್ರೆ ಲೈಟು ಮಿಣಮಿಣ ಅಂತೈತೆ. ನಾನು ಮಂಡಕ್ಕಿ ಅರಳೋದನ್ನ ಸ್ಲೋಮೋಶನ್ ಮಾಡೋಕೆ ಶಟರ್ ಇನ್ನೂ ಫಾಸ್ಟ್ ಇಟ್ಟು ಅದೊಂದು ಶಾಟ್ ಹಂಗೇ ಹಾಳಾಯ್ತು, ಬಾಗಿಲ ಹತ್ರ ಬಿಸಿಲಲ್ಲಿ ತೆಗ್ದಿದ್ರೆ ಆಗ್ತಿತ್ತು.

ಇನ್ನು ಜೋಡಿಸೋವಾಗ. ಕನ್ನಡದಲ್ಲಿ ಮುಖ್ಯ ವಸ್ತು ಕೆಲವು ಸಲ ಕೊನೇಲಿ ಬರ್ತೈತೆ. "ರಾತ್ರಿಯೆಲ್ಲ ಬೆಂಕಿ ಮುಂದೆ ನಿಂತು, ಬೆಳಗ್ಗೆ ಹೊರಗೆ ಬರೋ ಕೆಲಸಗಾರರ ಮುಖ ನೋಡ್ಬೇಕು" ಅಂತ ಒಂದು ಸಾಲು. ಮೊದಲ ಸಲ ಸಾಲು ಶುರು ಆದ ಕೂಡ್ಲೇ ಮುಖ ಹಾಕಿದ್ದೆ, "ಬೆಂಕಿ" ಅಂದಾಗ ಮುಖ, "ಮುಖ" ಅನ್ನೋ ಹೊತ್ತಿಗೆ ಶಾಟೇ ಖಾಲಿ. ಆಮೇಲೆ "ಬೆಂಕಿ"ಗೆ ಒಲೆಗೆ ಹೊಟ್ಟು ಸುರಿಯೋದು, "ಹೊರಗೆ ಬರೋ" ಅನ್ನೋವಾಗ ಬಾಗಿಲು, "ಮುಖ" ಅನ್ನೋಕೆ ಒಂದು ಕೂದಲೆಳೆ ಮುಂಚೆ ಮುಖ. ಶಾಟ್ ಮಾತಿಗಿಂತ ಒಂಚೂರು ಮುಂಚೆ ಬಂದ್ರೆ ಚಂದ, ತಡ ಆದ್ರೆ ತಪ್ಪು ಅಂತ ತಕ್ಷಣ ಗೊತ್ತಾಗ್ತೈತೆ.

ಮ್ಯಾಚ್ ಮಾಡ್ಬಾರದ ಕಡೆನೂ ಒಂದು ಐತೆ. "ಹೊಗೆಯಿಂದ ಇಲ್ಲಿ ಕೆಲವ್ರಿಗೆ ಉಸಿರಾಟದ ತೊಂದರೆ" ಅನ್ನೋ ಸಾಲಿಗೆ ನಾನು ಒಬ್ಬ ಅಜ್ಜನ ಮುಖ ಹಾಕಿದ್ದೆ, ಅವರು ಗಟ್ಟಿಮುಟ್ಟಾಗಿದ್ರು ಪಾಪ. ವಿಡಿಯೋ ನೋಡಿ ಅವರ ಬೀಗರು ಫೋನ್ ಮಾಡಿ ಏನ್ ಕಾಯಿಲೆ ಅಂತ ಕೇಳಿದ್ರಂತೆ. ಮಾತು ಯಾರ ಬಗ್ಗೆ ಅಲ್ವೋ ಅವರ ಮುಖ ಆ ಮಾತಿನ ಕೆಳಗೆ ಬಂದ್ರೆ ಮಾತು ಅವರಿಗೇ ಅಂಟ್ಕೊಳ್ತೈತೆ. ಕಾಯಿಲೆ, ಸಾಲ, ಕುಡಿತ, ಕಳ್ಳತನ, ಇಂಥ ಸಾಲುಗಳಿಗೆ ಜನ ಬ್ಯಾಡ್ರಿ. ಕಪ್ಪಾದ ಗೋಡೆ, ಚಿಮಣಿ ಹಾಕಿ ಸರಿ ಮಾಡ್ದೆ, ಅಜ್ಜನ ಹತ್ರ ಹೋಗಿ ಕ್ಷಮೆನೂ ಕೇಳ್ದೆ.

ನಿಮ್ಮ ಕೋಟೆ ವಿಷಯಕ್ಕೆ ಬಂದ್ರೆ ನಿಮ್ಮ ಕಷ್ಟ ಬೇರೆ, ಇತಿಹಾಸದ ಕೆಲಸಗಳನ್ನ ಶೂಟ್ ಮಾಡೋಕಾಗಲ್ಲ. "ಓಬವ್ವ ನೀರಿಗೆ ಹೋಗಿ, ಕಿಂಡೀಲಿ ನುಸುಳ್ತಿದ್ದ ಹೈದರಾಲಿ ಸೈನಿಕರನ್ನ ನೋಡಿ, ಒನಕೆ ಹಿಡಿದ್ಲು" ಅಂತ ಇದ್ರೆ ಮೂರು ಕೆಲಸ, ಮೂರೂ ಈಗ ಇಲ್ಲ. ಆದ್ರೆ ಕೆಲಸ ನಡೆದ ಜಾಗ ಐತಲ್ಲ. ನೀರಿನ ಹೊಂಡ, ಹೊರಗಿನಿಂದ ಕಿಂಡಿ ಕಡೆಗೆ ಸೈನಿಕನ ಕಣ್ಣಲ್ಲಿ ನೋಡ್ದಂಗೆ ಬಗ್ಗಿ ಹೋಗೋ ಶಾಟ್, ಒಳಗಿನಿಂದ ಅದೇ ಕಿಂಡಿ ಓಬವ್ವನ ಕಣ್ಣಲ್ಲಿ ನೋಡ್ದಂಗೆ. ಯಾರಿಗೂ ಸೀರೆ ಉಡಿಸಿ ಒನಕೆ ಕೊಟ್ಟು ನಿಲ್ಲಿಸೋದು ಬ್ಯಾಡ, ಶಾಲೆ ವಾರ್ಷಿಕೋತ್ಸವ ಆಗ್ಬಿಡ್ತೈತೆ. "1779ರಲ್ಲಿ ಕೋಟೆ ಹೈದರಾಲಿ ಕೈ ಸೇರ್ತು" ಅನ್ನೋ ಸಾಲಿಗೆ ಖಾಲಿ ಬಾಗಿಲು ಒಂದು, ಮೇಲೆ ಇಸವಿ ಅಕ್ಷರದಲ್ಲಿ, ಸಾಕು. ಅಕ್ಕ-ತಂಗಿ ಹೊಂಡದ ನೀರಿನ ಸಾಲು ಇದ್ರೆ ಅದೊಂದನ್ನ ಮಳೆಗಾಲ ಕಳೆದ ಮೇಲೆ ತಗೀರಿ, ಬೇಸಿಗೇಲಿ ನೀರು ತಳಕ್ಕೆ ಹೋದಾಗ "ತುಂಬಿ ಹರೀತಿತ್ತು" ಅಂತ ಹೇಳಿದ್ರೆ ಮಾತು ಚಿತ್ರ ಎರಡೂ ಜಗಳ ಆಡ್ತವೆ. ಮತ್ತೆ ಕೋಟೆ ಕೇಂದ್ರ ಪುರಾತತ್ವ ಇಲಾಖೆ ಕೈಲಿರೋದ್ರಿಂದ ಟ್ರೈಪಾಡ್ ಡ್ರೋನ್ ಏನಾದ್ರೂ ಲಿಸ್ಟಲ್ಲಿ ಇದ್ರೆ ಮೊದ್ಲೇ ಪರ್ಮಿಷನ್ ಕೇಳ್ಕೊಳ್ರಿ, ಸಿಗಲಿಲ್ಲ ಅಂದ್ರೆ ಕೈಯಲ್ಲೇ ಹಿಡಿದು ಆಗೋ ಶಾಟ್ ಯಾವುದು ಅಂತ ಶೀಟಲ್ಲಿ ಇನ್ನೊಂದು ಕಾಲಂ ಮಾಡಿಟ್ಕೊಳ್ರಿ.

ಸ್ಕ್ರಿಪ್ಟ್ ಹಾಕೋಕೆ ಆದ್ರೆ ಕೆಳಗೆ ಕಮೆಂಟಲ್ಲಿ ಹಾಕ್ರಿ, ಮೊದಲ ಹತ್ತು ಸಾಲು ತುಂಡು ಮಾಡಿ ತೋರಿಸ್ತೀನಿ. ಭಾನುವಾರ ಆದ್ರೆ ಬೇಗ, ವಾರದ ದಿನ ಅಂಗಡಿ ಮುಚ್ಚಿದ ಮೇಲೆನೇ.