ರಾಗಿ ಹಿಟ್ಟು ತಂದರೂ ಮಗಳಿಗೆ ಹೊಟ್ಟೆನೋವು ಯಾಕೆ?

"ಮಗಳಿಗೆ ಸೀಲಿಯಾಕ್ ಇದೆ. ಮಿಲ್ಲಿನಲ್ಲಿ ಬೀಸಿಸಿದ ರಾಗಿ ಹಿಟ್ಟು ತಿಂದರೂ ಹೊಟ್ಟೆನೋವು. ಯಾವ ಹಿಟ್ಟು ತರಲಿ?"

ಮೊದಲು ಮಿಲ್ಲನ್ನು ಬಿಡಿ. ಸೀಲಿಯಾಕ್ ಇದ್ದವರಿಗೆ ಆಗದಿರುವುದು ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್. ರಾಗಿಯಲ್ಲಿ ಅದು ಇಲ್ಲ, ಆದರೆ ನಿಮಗಿಂತ ಮುಂಚೆ ಅದೇ ಕಲ್ಲಿನಲ್ಲಿ ಗೋಧಿ ಬೀಸಿರುತ್ತಾರೆ. ಗ್ಲುಟನ್-ಫ್ರೀ ಎನ್ನಲು ನಮ್ಮ ದೇಶದ ಮಿತಿ ಕೆ.ಜಿ.ಗೆ 20 ಮಿಲಿಗ್ರಾಂ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಗ್ಲುಟನ್ ಅಂತ ಲೆಕ್ಕ ಹಾಕಿ. ಕಾಲು ಗ್ರಾಂ ಗೋಧಿ ಹಿಟ್ಟು, ಅಂದರೆ ಒಂದು ಚಿಟಿಕೆ, ಒಂದು ಕೆ.ಜಿ. ರಾಗಿಗೆ ಸೇರಿದರೂ ಮಿತಿ ದಾಟುತ್ತದೆ. ಕಲ್ಲಿನ ಸಂದಿಯಲ್ಲಿ ಅಷ್ಟು ಇದ್ದೇ ಇರುತ್ತೆ, ಅಲ್ವಾ?

ನಾನು ಇಡೀ ಕಾಳನ್ನೇ ತರುತ್ತೇನೆ. ತಟ್ಟೆಯಲ್ಲಿ ತೆಳ್ಳಗೆ ಹರಡಿ ನೋಡಿ. ರಾಗಿ, ಜೋಳ ದುಂಡಗೆ. ಗೋಧಿ ಉದ್ದಗೆ, ನಡುವೆ ಸೀಳುಗೆರೆ. ಹೋದ ತಿಂಗಳು ಒಂದು ಚೀಲ ಜೋಳದಲ್ಲಿ ಏಳು ಗೋಧಿ ಕಾಳು ಸಿಕ್ಕವು. ಆರಿಸಿ, ತೊಳೆದು, ಒಣಗಿಸಿ, ಗೋಧಿ ಮುಟ್ಟದ ಮಿಕ್ಸಿ ಜಾರಿನಲ್ಲಿ ಪುಡಿ ಮಾಡಿ.

ಪ್ಯಾಕೆಟ್ ಹಿಟ್ಟೇ ಬೇಕಾದರೆ ಮುಂದಿನ ದೊಡ್ಡ ಅಕ್ಷರ ನಂಬಬೇಡಿ. "ಮಲ್ಟಿ ಮಿಲೆಟ್", "ರಾಗಿ ಶಾವಿಗೆ" ಅಂತ ಇದ್ದರೂ ಹಿಂದಿನ ಪಟ್ಟಿಯಲ್ಲಿ ಗೋಧಿ ಅಥವಾ ಮೈದಾ ಇರಬಹುದು. ಪಟ್ಟಿಯಲ್ಲಿ ಮೊದಲು ಬರುವುದೇ ಜಾಸ್ತಿ ಇರುವ ಪದಾರ್ಥ. ಗೋಧಿಯೂ ತಯಾರಾಗುವ ಜಾಗ ಅಂತ ಬರೆದಿದ್ದರೆ ವಾಪಸ್ ಇಟ್ಟುಬಿಡಿ. ಎಫ್‌ಎಸ್‌ಎಸ್‌ಎಐ ನಂಬರ್ ಬರೀ ಪರವಾನಗಿ, ಗ್ಲುಟನ್ ಪರೀಕ್ಷೆಯ ಗುರುತಲ್ಲ.

ಹಾಂ, ಸಾರಿಗೆ ಹಾಕುವ ಇಂಗಿನ ಡಬ್ಬಿಯನ್ನೂ ಓದಿ. ಎಷ್ಟೋ ಇಂಗಿನಲ್ಲಿ ಮೈದಾ ಬೆರೆತಿರುತ್ತೆ.