ಒಡಹುಟ್ಟಿದವರ ಜಗಳದಲ್ಲಿ ಎಲ್ಲರ ಮಾತೂ ಕೇಳಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಜೋರಾಗಿ ಮಾತಾಡಿದವರದೇ ಗೆಲುವು. ಕುಟುಂಬದ ಮಧ್ಯಸ್ಥಗಾರರು ಪ್ರತಿಯೊಬ್ಬರ ಮಾತೂ ಕೇಳಿಸುವಂತೆ ಹೇಗೆ ಮಾಡುತ್ತಾರೆ?

ಒಬ್ಬರ ಮಾತನ್ನು ಮಧ್ಯಸ್ಥಗಾರರು ತಿರುಗಿ ಹೇಳುತ್ತಾರೆ. ಹೇಳಿದವರು "ಹೌದು, ಇದೇ" ಅನ್ನುವವರೆಗೆ ಇನ್ನೊಬ್ಬರಿಗೆ ಉತ್ತರಿಸುವ ಸರದಿ ಬರುವುದಿಲ್ಲ. ಜನ ದನಿ ಏರಿಸುವುದು ಹೆಚ್ಚಾಗಿ ತಮ್ಮ ಮಾತು ತಲುಪಿಲ್ಲ ಅನ್ನಿಸಿದಾಗ. ತಲುಪಿದೆ ಅಂತ ಗೊತ್ತಾದರೆ ಅದನ್ನೇ ಮತ್ತೆ ಕೂಗುವ ಅಗತ್ಯ ಇರುವುದಿಲ್ಲ.

ಉದಾಹರಣೆಗೆ, ವಯಸ್ಸಾದ ತಾಯಿಯನ್ನು ಅಕ್ಕ ನೋಡಿಕೊಳ್ಳುತ್ತಾಳೆ, ದೂರದ ತಮ್ಮ ದುಡ್ಡು ಕಳಿಸುತ್ತಾನೆ ಅಂದುಕೊಳ್ಳಿ. ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸುತ್ತಾರೆ. ಯಾರು ಸುಮ್ನೆ ಕೂರುವವರು, ಯಾರಿಗೆ ಯಾರ ಭಯ ಅನ್ನೋದು ತಿಳಿಯುವುದು ಅಲ್ಲೇ. ಭಯ ಇದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಲೇಬಾರದು.

ಒಟ್ಟಿಗೆ ಕೂತಾಗ ಅಕ್ಕ, "ದುಡ್ಡು ಕಳಿಸಿ ಕೈ ತೊಳ್ಕೊಂಡೆ" ಅನ್ನುತ್ತಾಳೆ. ತಮ್ಮ ಬಾಯಿ ತೆರೆಯುವ ಮುಂಚೆ ಮಧ್ಯಸ್ಥಗಾರರು, "ಕೆಲಸಕ್ಕೆ ಜೊತೆಯಾಗಿ ಒಬ್ಬರು ಬೇಕು, ಅಲ್ವಾ?" ಅಂತ ಕೇಳುತ್ತಾರೆ. "ಅಲ್ಲ, ನೀನು ಹೇಗಿದ್ದೀಯಾ ಅಂತ ಅವನು ನನ್ನನ್ನ ಒಮ್ಮೆ ಕೇಳಲಿ" ಅಂತ ಅವಳು ತಿದ್ದುತ್ತಾಳೆ. ನನ್ನ ಪ್ರಕಾರ ಇಡೀ ಮಾತುಕತೆಯಲ್ಲಿ ಈ ತಿದ್ದುವಿಕೆಯೇ ಮುಖ್ಯ. ತಮ್ಮ ಈಗ ಉತ್ತರಿಸಬೇಕಾದದ್ದು ಆರೋಪಕ್ಕಲ್ಲ, ಈ ಮಾತಿಗೆ. ಆಮೇಲೆ ಅವನ ಸರದಿ, ಅದೇ ನಿಯಮ.

ಕೆಲವರು ಬೇಗ ಮುಗಿಯಲಿ ಅಂತ "ಹೌದು" ಅಂದುಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅದೇ ದೂರು ಮತ್ತೆ ಬಂದರೆ ಮಾತು ತಲುಪಿಲ್ಲ ಅಂತಲೇ ಅರ್ಥ. ಆಗ ಮಾತುಕತೆ ನಿಲ್ಲಿಸಿ, ಮತ್ತೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ.